‘ಘಮಘಮ’ಕ್ಕೆ ಎಷ್ಟು ಎಚ್ ಬೇಕು? ಮನೆ ಬೇಕರಿಗೆ ಹೆಸರು ಹುಡುಕಿಕೊಡಿ

ರಾಗಿಬಿಸ್ಕತ್ತು
ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ಮನೆಯಲ್ಲೇ ಬೇಕಿಂಗ್ ಮಾಡುತ್ತೇನೆ. ಎರಡು ವರ್ಷದಿಂದ ಗೊತ್ತಿದ್ದವರಿಗೆ ಮಾತ್ರ ಮಾಡಿಕೊಡುತ್ತಿದ್ದೆ. ರಾಗಿ ಬಿಸ್ಕತ್ತು, ಮೊಟ್ಟೆ ಹಾಕದ ಕೇಕು, ಖಾರಾ ಬನ್ನು ಇಷ್ಟೇ. ಈಗ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಡಬ್ಬಕ್ಕೆ ಸ್ಟಿಕ್ಕರ್ ಅಂಟಿಸಿ, ಇನ್‌ಸ್ಟಾಗ್ರಾಮ್‌ನಲ್ಲೂ ಹಾಕೋಣ ಅಂತ. ಅರ್ಜಿಯಲ್ಲಿ ಹೆಸರು ಕೇಳುತ್ತಾರೆ. ಮೂರು ವಾರದಿಂದ ಅಲ್ಲೇ ನಿಂತಿದ್ದೇನೆ.

ಮನಸ್ಸಿನಲ್ಲಿ ಮೂರು ಹೆಸರಿವೆ: ಘಮಘಮ, ಹಿಟ್ಟು, ಸಿಹಿಮೂಲೆ. ನನಗೆ ಮೊದಲನೆಯದು ಇಷ್ಟ. ಯಜಮಾನರಿಗೆ ಎರಡನೆಯದು. ಮಗಳಿಗೆ ಮೂರೂ ಬೇಡ, ಇಂಗ್ಲಿಷ್ ಹೆಸರು ಬೇಕಂತೆ. ಹೇಳಿದರೆ ತಟ್ಟನೆ ಅರ್ಥ ಆಗಬೇಕು, ಫೋನಿನಲ್ಲಿ ಟೈಪ್ ಮಾಡೋಕೆ ಬರಬೇಕು, ಒಂದು ಸಲ ಕೇಳಿದವರು ಮರೆಯಬಾರದು. ನಿಮ್ಮ ಅಭಿಪ್ರಾಯ ಹೇಳಿ.

ಹುಬ್ಬಳ್ಳಿ_ಗಿರ್ಮಿಟ್
ಘಮಘಮ. ಇದರಾಗ ಕೇಳೋದೇನೈತ್ರೀ? ಹೆಸರು ಕೇಳಿದ್ರ ವಾಸನಿ ಬರತೈತಿ.

ಶುಭಸಂಖ್ಯೆ
ಘಮಘಮ ಒಳ್ಳೆಯ ಹೆಸರು. ಆದರೆ ಇಂಗ್ಲಿಷ್‌ನಲ್ಲಿ ಬರೆಯುವಾಗ ಕೊನೆಗೆ ಇನ್ನೊಂದು ‘ಎ’ ಸೇರಿಸಿ: `Ghamaghamaa`. ಒಟ್ಟು ಸಂಖ್ಯೆ ವ್ಯಾಪಾರಕ್ಕೆ ಚೆನ್ನಾಗಿ ಬರುತ್ತದೆ. ಜನ್ಮದಿನ ಕಳಿಸಿದರೆ ಸರಿಯಾಗಿ ಲೆಕ್ಕ ಹಾಕಿ ಹೇಳುತ್ತೇನೆ.

ಸ್ಟಿಕ್ಕರ್_ಅಣ್ಣ
ಮೇಲಿನವರ ಮಾತು ಕೇಳಬೇಡಿ ಮೇಡಂ. ಹದಿನಾರು ವರ್ಷದಿಂದ ಪ್ರಿಂಟಿಂಗ್ ಅಂಗಡಿ ನಡೆಸುತ್ತಿದ್ದೇನೆ. ಸಂಖ್ಯಾಶಾಸ್ತ್ರಕ್ಕೆ ಅಂತ ಅಕ್ಷರ ಸೇರಿಸಿಕೊಂಡವರು ಆಮೇಲೆ ನನ್ನ ಹತ್ತಿರವೇ ಬರುತ್ತಾರೆ. ಒಬ್ಬರು ಹೆಸರಿಗೆ ಎರಡು ‘ಎ’, ಎರಡು ‘ಎನ್’ ಹಾಕಿಸಿಕೊಂಡು ಸಾವಿರ ಸ್ಟಿಕ್ಕರ್ ಮಾಡಿಸಿದರು. ಗಿರಾಕಿಗಳೆಲ್ಲ ಮಾಮೂಲಿ ಸ್ಪೆಲ್ಲಿಂಗ್‌ನಲ್ಲಿ ಹುಡುಕುವುದು, ಸಿಗುವುದು ಬೇರೆ ಊರಿನ ಇನ್ನೊಂದು ಅಂಗಡಿ. ಕೊನೆಗೆ ಮತ್ತೆ ಸಾವಿರ ಸ್ಟಿಕ್ಕರ್. ನನಗೇನೋ ಲಾಭ ಆಯಿತು ಬಿಡಿ.

ನಿವೃತ್ತ_ಮೇಷ್ಟ್ರು
ಮನೆಗೆ ಹೆಸರಿಡುವಾಗ ಅರ್ಥ ಮುಖ್ಯ. ನಮ್ಮ ಮನೆಗೆ ‘ಮಾತೃಕೃಪಾ’ ಎಂದು ಇಟ್ಟಿದ್ದೇವೆ. ಹಿರಿಯರ ಹೆಸರು ಇದ್ದರೆ ಶೋಭೆ. ಗೃಹಪ್ರವೇಶ ಯಾವಾಗ?

ರಾಗಿಬಿಸ್ಕತ್ತು
ಮೇಷ್ಟ್ರೇ, ಮನೆಗಲ್ಲ, ಬೇಕರಿಗೆ 🙂

ನಿವೃತ್ತ_ಮೇಷ್ಟ್ರು
ಓ, ಕ್ಷಮಿಸಿ. ಕನ್ನಡಕ ಹಾಕಿರಲಿಲ್ಲ. ಹಾಗಾದರೆ ಘಮಘಮ ಸರಿ. ಆದರೆ ಎರಡೂ ಕಡೆ ಮಹಾಪ್ರಾಣ ಇರಲೇಬೇಕು. ‘ಗಮಗಮ’ ಅಂತ ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಚಿಕ್ಕಮಗಳೂರ್_ಕಾಫಿ
ಮೇಷ್ಟ್ರು ಹೇಳಿದ್ದರಲ್ಲೇ ಸಮಸ್ಯೆ ಇದೆ ನೋಡಿ. ಕನ್ನಡದಲ್ಲಿ ಬರೆದರೆ ಘಮಘಮಕ್ಕೆ ತಕರಾರಿಲ್ಲ. ಆದರೆ ಇನ್‌ಸ್ಟಾಗ್ರಾಮ್ ಐಡಿ ಕನ್ನಡ ಲಿಪಿಯಲ್ಲಿ ತಗೊಳ್ಳೋಕೆ ಆಗಲ್ಲ. ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಂಡರ್‌ಸ್ಕೋರ್ ಇಷ್ಟೇ. ಅಲ್ಲಿ ಎಚ್ ಹಾಕಬೇಕಾ ಬೇಡವಾ ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು?

ನನ್ನ ಕಥೆ ಹೇಳಿಬಿಡುತ್ತೇನೆ. ಐದು ವರ್ಷದ ಹಿಂದೆ ನಾನೂ ಮನೆಯಿಂದಲೇ ಶುರು ಮಾಡಿದ್ದು. ಸ್ಟೈಲಾಗಿ ಇರಲಿ ಅಂತ ಹೆಸರಿನ ಕೊನೆಗೆ `Patisserie` ಅಂತ ಹಾಕಿದೆ. ಫ್ರೆಂಚ್ ಪದ, ಕೇಕು ಪೇಸ್ಟ್ರಿ ಮಾಡೋ ಅಂಗಡಿ ಅಂತ ಅರ್ಥ. ಪಕ್ಕದ ಮನೆ ಅಜ್ಜಿ ಬೋರ್ಡ್ ಓದಿಸಿಕೊಂಡು ನಮ್ಮತ್ತೆ ಹತ್ತಿರ ಕೇಳಿದರಂತೆ, “ಪತಿ ಸೇರಿ ಅಂತಾ? ಹಂಗಾದ್ರೆ ನಿಮ್ಮ ಮಗನೂ ಕೆಲಸ ಬಿಟ್ನಾ?” ಅಂತ. ಅದನ್ನು ಇವತ್ತಿಗೂ ಮನೆಯಲ್ಲಿ ಹೇಳಿಕೊಂಡು ನಗುತ್ತಾರೆ. ನಗು ಬಿಡಿ, ಆರ್ಡರ್ ಹೋಗಿದ್ದು ನಿಜ. ಒಬ್ಬರೂ ಸ್ಪೆಲ್ಲಿಂಗ್ ಸರಿಯಾಗಿ ಬರೆಯಲಿಲ್ಲ. ಎರಡು ‘ಎಸ್’ ಮರೆಯುತ್ತಾರೆ, ಕೊನೆಯ ‘ಐಇ’ ಬಿಟ್ಟು ‘ವೈ’ ಹಾಕುತ್ತಾರೆ. ಈಗ ಆ ಪದ ತೆಗೆದು ಬರೀ ‘ಬೇಕ್ಸ್’ ಮಾಡಿಕೊಂಡಿದ್ದೇನೆ.

ಮಂಡ್ಯದ್_ಹೈದ
‘ಹಿಟ್ಟು’ ಬೇಡ ಅಕ್ಕ. ನಮ್ಮ ಕಡೆ ಹಿಟ್ಟು ಅಂದ್ರೆ ಮುದ್ದೆ. “ಹಿಟ್ಟುಂಡ್ಯಾ?” ಅಂತ ಕೇಳ್ತೀವಿ. ಬೇಕರಿ ಅಂತ ಯಾರಿಗೂ ಹೊಳೆಯಲ್ಲ. ಸೊಪ್ಪಿನ ಸಾರು ಹುಡುಕಿಕೊಂಡು ಬರ್ತಾರೆ.

ಮಲ್ಲೇಶ್ವರಂ_ಮಾಮಿ
ಬೆಂಗಳೂರಿನಲ್ಲಿ ‘ಹಿಟ್ಟು’ ಅಂದರೆ ದೋಸೆ ಹಿಟ್ಟು. ಒಂದು ಕೇಜಿ ಎಷ್ಟು ಅಂತ ಫೋನ್ ಬರುತ್ತದೆ, ಬರೆದಿಟ್ಟುಕೊಳ್ಳಿ.

ಕುಡ್ಲದ_ಬನ್ಸ್
ಎಲ್ಲ ಬಿಟ್ಟು ಸಿಹಿಮೂಲೆಯೇ ಇಡಿ ಮಾರಾಯ್ರೆ. ಚಂದ ಉಂಟು. ಮನೆಯ ಮೂಲೆಯಲ್ಲಿ ಒಂದು ಓವನ್, ಸಿಹಿ. ಕಣ್ಣಿಗೆ ಕಟ್ಟಿದ ಹಾಗೆ.

ನ್ಯೂಜೆರ್ಸಿ_ನಂಜುಂಡ
`Sihi Moole`. ಇಂಗ್ಲಿಷ್‌ನಲ್ಲಿ ಬರೆದಿದ್ದನ್ನು ಒಂದು ಸಲ ಜೋರಾಗಿ ಓದಿ. ‘ಲ’ನಾ ‘ಳ’ನಾ ಅಂತ ಅದರಲ್ಲಿ ಗೊತ್ತಾಗಲ್ಲ. ನಾನು ಓದಿದ್ದು ‘ಸಿಹಿ ಮೂಳೆ’.

ಕುಡ್ಲದ_ಬನ್ಸ್
ಅಯ್ಯೋ ದೇವರೇ 😂 ಸಸ್ಯಾಹಾರಿ ಬೇಕರಿಗೆ ಮೂಳೆ!

ರಾಗಿಬಿಸ್ಕತ್ತು
ಸತ್ಯವಾಗಲೂ ಇದು ನನಗೆ ಹೊಳೆದೇ ಇರಲಿಲ್ಲ. ಈಗ ಅದೇ ಕಾಣಿಸುತ್ತಿದೆ.

ಕಡತಪ್ರಿಯ
ಟ್ರೇಡ್‌ಮಾರ್ಕ್ ಅರ್ಜಿ ಹಾಕುವ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಹೆಸರಿನ ಜಗಳ ದಿನಾ ನೋಡುತ್ತೇನೆ. ಎರಡು ಮಾತು ಹೇಳುತ್ತೇನೆ.

ಇಲ್ಲಿ ಕೂತು ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಹೇಳುವುದರಿಂದ ತೀರ್ಮಾನ ಆಗಲ್ಲ. ನೀವೇ ಪರೀಕ್ಷೆ ಮಾಡಿ. ಮೂರೂ ಹೆಸರನ್ನು ವಾಟ್ಸಾಪ್‌ನಲ್ಲಿ ಧ್ವನಿ ಮೆಸೇಜ್ ಮಾಡಿ ಒಂದು ಎಂಟು ಹತ್ತು ಜನಕ್ಕೆ ಕಳಿಸಿ. ಅಕ್ಷರದಲ್ಲಿ ಬರೆದು ಕಳಿಸಬೇಡಿ. “ಇದನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ” ಅನ್ನಿ. ಎಷ್ಟು ಥರದ ಸ್ಪೆಲ್ಲಿಂಗ್ ಬರುತ್ತದೆ ಎಣಿಸಿ. ಆಮೇಲೆ ಉಲ್ಟಾ ಮಾಡಿ. ಬೇರೆ ಇಬ್ಬರು ಮೂವರಿಗೆ ಇಂಗ್ಲಿಷ್‌ನಲ್ಲಿ ಬರೆದಿದ್ದನ್ನು ತೋರಿಸಿ ಓದಿಸಿ. ಮೂಳೆ ಸಿಕ್ಕಿಬೀಳುವುದು ಈ ಎರಡನೇ ಪರೀಕ್ಷೆಯಲ್ಲೇ. ನಾಲ್ಕು ದಿನ ಬಿಟ್ಟು ಮೊದಲಿನವರಿಗೆ ಫೋನ್ ಮಾಡಿ, “ಅವತ್ತು ಕಳಿಸಿದ್ದು ಯಾವ ಹೆಸರು?” ಅಂತ ಮಾತ್ರ ಕೇಳಿ. ಸುಳಿವು ಕೊಡಬೇಡಿ.

ಜನರನ್ನು ಆರಿಸುವಾಗ ಸ್ವಲ್ಪ ಎಚ್ಚರ. ಎಲ್ಲರೂ ನಿಮ್ಮ ವಯಸ್ಸಿನ ಗೆಳತಿಯರೇ ಆದರೆ ಉಪಯೋಗ ಇಲ್ಲ. ಒಬ್ಬ ಡೆಲಿವರಿ ಹುಡುಗ, ಒಬ್ಬರು ಕನ್ನಡ ಬರದವರು, ಒಬ್ಬರು ಉತ್ತರ ಕರ್ನಾಟಕದವರು ಇರಲಿ. ನಮ್ಮ ಕಡೆ ‘ತ’ಕ್ಕೆ `th` ಹಾಕುತ್ತೇವೆ, `Amrutha` ಅಂತ. ಆ ಕಡೆಯವರು ಬರೀ `t` ಹಾಕುತ್ತಾರೆ, `Amruta` ಅಂತ. ಒಂದೇ ರಾಜ್ಯ, ಒಂದೇ ಹೆಸರು, ಎರಡು ಸ್ಪೆಲ್ಲಿಂಗ್.

ಹುಬ್ಬಳ್ಳಿ_ಗಿರ್ಮಿಟ್
ಖರೇ ಐತಿ. ನನ್ನ ಹೆಂಡತಿ ಹೆಸರು ಆಧಾರದಾಗ ಒಂದು, ಬ್ಯಾಂಕಿನಾಗ ಒಂದು. ಬೆಂಗಳೂರಾಗ ಖಾತೆ ತೆಗೆದಾಗ ಗುಮಾಸ್ತ ತಾನ ಒಂದು ಎಚ್ ಸೇರಿಸಿಬಿಟ್ಟ. ತಿದ್ದಿಸಲಿಕ್ಕೆ ಆರು ತಿಂಗಳು ಓಡಾಡೇವಿ.

ಮಲ್ಲೇಶ್ವರಂ_ಮಾಮಿ
ಇಷ್ಟೆಲ್ಲ ತಲೆಬಿಸಿ ಯಾಕೆ? ಹಳೆಯವರ ಹಾಗೆ ಎರಡು ಇನಿಷಿಯಲ್ ಹಾಕಿದರೆ ಮುಗಿಯಿತು. ಚಿಕ್ಕಪೇಟೆಯ ಬಿ.ಬಿ. ಬೇಕರಿ 1898ರದ್ದು ಅಂತ ಹೇಳುತ್ತಾರೆ. ವಿ.ವಿ.ಪುರಂನಲ್ಲಿ ವಿ.ಬಿ. ಬೇಕರಿ. ಯಾರಾದರೂ ಸ್ಪೆಲ್ಲಿಂಗ್ ತಪ್ಪಿದ್ದಾರಾ? ಮಿಕ್ಕಿದ್ದೆಲ್ಲ ಅಯ್ಯಂಗಾರ್ ಬೇಕರಿ. ಹೆಸರೇ ಬೇಡ, ಬಣ್ಣ ನೋಡಿ ಒಳಗೆ ಹೋಗುತ್ತೇವೆ.

ಕಡತಪ್ರಿಯ
ಮಾಮಿ, ಅವು ಬೀದಿಯಲ್ಲಿ ಕಣ್ಣಿಗೆ ಕಾಣುವ ಅಂಗಡಿಗಳು. ವಾಸನೆ ಹಿಡಿದು ಬರುತ್ತಾರೆ. ಮನೆ ಬೇಕರಿಗೆ ಬೀದಿಯೇ ಇಲ್ಲ. ಒಬ್ಬರು ಇನ್ನೊಬ್ಬರಿಗೆ ಫೋನಿನಲ್ಲಿ ಹೇಳಬೇಕು, ಅವರು ಟೈಪ್ ಮಾಡಬೇಕು. ಫೋನಿನಲ್ಲಿ ಬಿ.ಬಿ., ವಿ.ಬಿ., ಪಿ.ಬಿ., ಡಿ.ಬಿ. ಎಲ್ಲ ಒಂದೇ ಥರ ಕೇಳಿಸುತ್ತದೆ. ನೂರು ವರ್ಷ ಆದ ಮೇಲೆ ಇನಿಷಿಯಲ್ ಸಾಕು. ಮೊದಲ ವರ್ಷ ಸಾಕಾಗಲ್ಲ.

ಮಲ್ಲೇಶ್ವರಂ_ಮಾಮಿ
ಇರಬಹುದು. ಆದರೂ ಖಾರಾ ಬನ್ ವಿಷಯದಲ್ಲಿ ಹಳಬರೇ ಸರಿ.

ಹುಬ್ಬಳ್ಳಿ_ಗಿರ್ಮಿಟ್
ಊರಿನ ಹೆಸರೂ ನಡೀತೈತಿ. ಧಾರವಾಡದಾಗ ‘ಲೈನ್ ಬಜಾರ್ ಪೇಡೆ’ ಅಂತಾರ. ಅದು ಓಣಿ ಹೆಸರು. ನೀವೂ ‘ಕುವೆಂಪುನಗರ ಕೇಕ್’ ಅಂತ ಇಟ್ಟು ಬಿಡ್ರಿ.

ಚಿಕ್ಕಮಗಳೂರ್_ಕಾಫಿ
ಮನೆ ಬದಲಾಯಿಸಿದರೆ? ಬಾಡಿಗೆ ಮನೆ ಇರಬಹುದಲ್ವಾ.

ತುಂಗಾತೀರ
ಒಂದು ವಿಷಯ ಯಾರೂ ಹೇಳಲಿಲ್ಲ. ಈಗ ಕಾನೂನು ಬಂದಿದೆ. ಕರ್ನಾಟಕದಲ್ಲಿ ವ್ಯಾಪಾರದ ಹೆಸರು ಕನ್ನಡದ್ದೇ ಆಗಿರಬೇಕು. ಇಂಗ್ಲಿಷ್ ಹೆಸರಿಟ್ಟರೆ ದಂಡ. ಹಾಗಾಗಿ ಮಗಳ ಮಾತು ಕೇಳಬೇಡಿ.

ಕಡತಪ್ರಿಯ
ಅರ್ಧ ಸರಿ. 2024ರ ತಿದ್ದುಪಡಿ ಇರುವುದು ನಾಮಫಲಕದ ಬಗ್ಗೆ. ಫಲಕದ ಶೇಕಡ 60 ಭಾಗ ಕನ್ನಡ ಇರಬೇಕು, ಕನ್ನಡ ಮೇಲುಗಡೆ ಬರಬೇಕು. ಹೆಸರಿನ ಪದವೇ ಕನ್ನಡದ್ದಾಗಬೇಕು ಅಂತ ಅಲ್ಲ. ಇವರಿಗೆ ಸದ್ಯಕ್ಕೆ ಬೋರ್ಡೇ ಇಲ್ಲ.

ತುಂಗಾತೀರ
ಸರಿ. ಆದರೂ ಕನ್ನಡದ ಹೆಸರೇ ಚೆಂದ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಕಾನೂನು ಬೇಕಿಲ್ಲ.

ರಾಗಿಬಿಸ್ಕತ್ತು
ಪರೀಕ್ಷೆ ಮಾಡಿದೆ! ಒಂಬತ್ತು ಜನ. ಅತ್ತಿಗೆ, ಹಾಲಿನ ಹುಡುಗ, ಮಗಳ ಟ್ಯೂಷನ್ ಮೇಡಂ, ಬೆಳಗಾವಿಯ ಗೆಳತಿ, ಮೇಲಿನ ಮನೆಯ ಒಡಿಶಾದ ದಂಪತಿ, ಹೀಗೆ.

ಹಿಟ್ಟು: ಎಂಟು ಜನ `hittu` ಅಂತಲೇ ಬರೆದರು. ಒಬ್ಬರು ಮಾತ್ರ `hitu`. ಸ್ಪೆಲ್ಲಿಂಗ್‌ನಲ್ಲಿ ಪೂರ್ತಿ ಪಾಸು. ಆದರೆ ಹಾಲಿನ ಹುಡುಗ ಕೇಳಿದ, “ಅಕ್ಕ, ಗಿರಣಿ ಹಾಕ್ತಿದೀರಾ?”

ಸಿಹಿಮೂಲೆ: ನಾಲ್ಕು ಜನ `sihimoole`, ಮೂವರು `sihimule`, ಇಬ್ಬರು `sihi mole`. ಓದಿಸಿದಾಗ ಮೂವರಲ್ಲಿ ಇಬ್ಬರು ಮೂಳೆ ಅಂದರು. ಇದು ಕೈಬಿಟ್ಟೆ.

ಘಮಘಮ: ಒಂಬತ್ತು ಜನರಿಂದ ಆರು ಥರ ಬಂತು. `ghamaghama`, `gamagama`, `ghamagama`, `ghamghama`, `gamgam`, ಇನ್ನೊಬ್ಬರದು `ghumaghuma`. ನಾನು ಅಂದುಕೊಂಡಿದ್ದ ಸ್ಪೆಲ್ಲಿಂಗ್ ಬರೆದವರು ಇಬ್ಬರೇ.

ಆದರೆ ಕೇಳಿ, ನಾಲ್ಕು ದಿನ ಬಿಟ್ಟು ಫೋನ್ ಮಾಡಿದಾಗ ಘಮಘಮ ನೆನಪಿದ್ದವರು ಎಂಟು ಜನ! ಹಿಟ್ಟು ಆರು. ಸಿಹಿಮೂಲೆ ಮೂರೇ. “ಸಿಹಿ ಏನೋ... ಸಿಹಿ ಮನೆನಾ?” ಅಂತಾರೆ. ಅಂದರೆ ಬರೆಯೋಕೆ ಎಲ್ಲಕ್ಕಿಂತ ಕಷ್ಟದ್ದೇ ಎಲ್ಲಕ್ಕಿಂತ ಜಾಸ್ತಿ ನೆನಪಿನಲ್ಲಿದೆ. ಈಗ ಏನು ಮಾಡಲಿ?

ಕುಡ್ಲದ_ಬನ್ಸ್
ಇದು ಒಳ್ಳೆ ಕಥೆ ಆಯಿತು.

ನಿವೃತ್ತ_ಮೇಷ್ಟ್ರು
ಆಶ್ಚರ್ಯವೇನಿಲ್ಲ. ಒಂದೇ ಸದ್ದು ಎರಡು ಸಲ ಬಂದರೆ ಕಿವಿ ಬಿಡುವುದಿಲ್ಲ. ಪಟಪಟ, ಗಲಗಲ, ಥಳಥಳ. ಮಕ್ಕಳಿಗೆ ಪಾಠ ಮರೆತರೂ ಇವು ಮರೆಯುವುದಿಲ್ಲ. ಇಂಗ್ಲಿಷ್ ಲಿಪಿಯ ಬಡತನಕ್ಕೆ ನಮ್ಮ ಪದವನ್ನು ದೂರಬೇಡಿ.

ಚಿಕ್ಕಮಗಳೂರ್_ಕಾಫಿ
ಮೇಷ್ಟ್ರೇ, ಲಿಪಿಯ ಬಡತನ ಸರಿ. ಆದರೆ ಆರ್ಡರ್ ಬರುವುದು ಆ ಲಿಪಿಯಲ್ಲೇ.

ಒಂದು ಉಪಾಯ ಇದೆ. ಐಡಿ ಇಂಗ್ಲಿಷ್‌ನಲ್ಲೇ ಇರಲಿ. ಆದರೆ ಇನ್‌ಸ್ಟಾಗ್ರಾಮ್‌ನಲ್ಲಿ ಐಡಿ ಬೇರೆ, ಹೆಸರಿನ ಜಾಗ ಬೇರೆ. ಹೆಸರಿನ ಜಾಗದಲ್ಲಿ ಕನ್ನಡ ಬರೆಯಬಹುದು. ಅಲ್ಲಿ ‘ಘಮಘಮ’ ಅಂತ ಕನ್ನಡದಲ್ಲಿ ಹಾಕಿ, ಪಕ್ಕದಲ್ಲಿ ‘ಮೈಸೂರು ಕೇಕ್’ ಅಂತ ಸೇರಿಸಿದರೆ ಹುಡುಕಿದಾಗ ಸಿಗುವ ಅವಕಾಶ ಜಾಸ್ತಿ. ಇನ್ನೊಂದು, ತಪ್ಪು ಸ್ಪೆಲ್ಲಿಂಗ್‌ನ ಐಡಿಯನ್ನೂ ನೀವೇ ತೆಗೆದಿಟ್ಟುಕೊಳ್ಳಿ. ಅದರಲ್ಲಿ ಒಂದೇ ಪೋಸ್ಟ್: “ನಾವು ಅಲ್ಲಿದ್ದೇವೆ”.

ಕಡತಪ್ರಿಯ
ಆರು ಸ್ಪೆಲ್ಲಿಂಗ್‌ಗೆ ಆರು ಖಾತೆ? ಕೇಕು ಯಾವಾಗ ಮಾಡುತ್ತಾರೆ? ಎರಡು ಆದರೆ ಒಪ್ಪುತ್ತೇನೆ.

ಘಮಘಮದ ಇನ್ನೊಂದು ತೊಡಕು ಹೇಳುತ್ತೇನೆ. ಮಾಲಿನ ಗುಣವನ್ನೇ ಹೇಳುವ ಪದವನ್ನು ಟ್ರೇಡ್‌ಮಾರ್ಕ್ ಇಲಾಖೆ ಸುಲಭಕ್ಕೆ ಒಬ್ಬರಿಗೆ ಬಿಟ್ಟುಕೊಡುವುದಿಲ್ಲ. ತಿಂಡಿ ಘಮಘಮ ಅನ್ನುವುದು ಎಲ್ಲರ ಬಾಯಲ್ಲಿರುವ ಮಾತು. ನಾಳೆ ಪಕ್ಕದ ಬೀದಿಯವರು ‘ಘಮಘಮ ಕೇಕ್ಸ್’ ಅಂತ ಶುರು ಮಾಡಿದರೆ ತಡೆಯೋದು ಕಷ್ಟ. ತಿಂಡಿಗೆ ಸಂಬಂಧವೇ ಇಲ್ಲದ ಪದ ಆದರೆ ಹಿಡಿತ ಜಾಸ್ತಿ.

ಸ್ಪೆಲ್ಲಿಂಗ್ ಬದಲಾಯಿಸಿದರೆ ಬೇರೆ ಹೆಸರಾಯಿತು ಅಂತಲೂ ತಿಳಿಯಬೇಡಿ. 1962ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ‘ಅಮೃತಧಾರಾ’ ಮತ್ತು ‘ಲಕ್ಷ್ಮಣಧಾರಾ’ ಅನ್ನೋ ಎರಡು ಔಷಧಿಗಳ ಹೆಸರಿನ ಜಗಳ ಬಂದಿತ್ತು. ಕೋರ್ಟ್ ನೋಡಿದ್ದು, ಸಾಧಾರಣ ಗಿರಾಕಿ ಪೂರ್ತಿ ನೆನಪಿಲ್ಲದೆ ಅಂಗಡಿಗೆ ಬಂದಾಗ ಗೊಂದಲ ಆಗುತ್ತದಾ ಅಂತ. ಅಷ್ಟೊಂದು ಬೇರೆ ಅನ್ನಿಸುವ ಎರಡು ಹೆಸರನ್ನೂ ಗೊಂದಲ ಆಗುವಷ್ಟು ಹತ್ತಿರ ಅಂತಲೇ ಅಂದಿತು. ಹಾಗಾಗಿ `Ghama`ಗೂ `Gama`ಗೂ ವ್ಯತ್ಯಾಸ ಅಂತ ವಾದ ಮಾಡೋದು ಕಷ್ಟ.

ಶುಭಸಂಖ್ಯೆ
ಸಂಖ್ಯೆ ಸರಿಯಿದ್ದರೆ ಕೋರ್ಟಿಗೆ ಹೋಗುವ ಪರಿಸ್ಥಿತಿಯೇ ಬರುವುದಿಲ್ಲ.

ಸ್ಟಿಕ್ಕರ್_ಅಣ್ಣ
😀

ನನ್ನ ಕಡೆಯಿಂದ ಒಂದು ಮಾತು. ಬಿಸ್ಕತ್ತು ಡಬ್ಬಕ್ಕೆ ಸಾಮಾನ್ಯವಾಗಿ ಎರಡು ಇಂಚಿನ ದುಂಡು ಸ್ಟಿಕ್ಕರ್ ಮಾಡಿಸುತ್ತಾರೆ. ಅದರಲ್ಲಿ ಹೆಸರು, ಫೋನ್ ನಂಬರ್, ಎಫ್‌ಎಸ್‌ಎಸ್‌ಎಐನ 14 ಅಂಕಿ, ಹಸಿರು ಚುಕ್ಕಿ ಎಲ್ಲ ಕೂರಬೇಕು. ಉದ್ದ ಹೆಸರಾದರೆ ಅಕ್ಷರ ಇರುವೆಯಷ್ಟಾಗುತ್ತದೆ. ಕನ್ನಡದಲ್ಲಿ ಒತ್ತಕ್ಷರ ಜಾಸ್ತಿ ಇದ್ದರೆ ಚಿಕ್ಕ ಸೈಜಿನಲ್ಲಿ ಶಾಯಿ ಕೂಡಿಕೊಂಡು ಮಸಿ ಆಗುತ್ತದೆ. ‘ಹಿಟ್ಟು’ವಿನ ಒತ್ತು ಒಂದೇ, ತೊಂದರೆ ಇಲ್ಲ. ‘ಘಮಘಮ’ದಲ್ಲಿ ಒತ್ತೇ ಇಲ್ಲ, ಆದರೆ ಚಿಕ್ಕದಾಗಿ ಬರೆದರೆ ‘ಘ’ ನೋಡಿ ‘ಫ’ ಅಂತ ಓದಿದವರೂ ಇದ್ದಾರೆ. ಪೂರ್ತಿ ಹಾಳೆ ಮಾಡಿಸುವ ಮೊದಲು ಒಂದು ತುಂಡು ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು, ಕೈ ಚಾಚಿ ಹಿಡಿದು ಓದಿಸಿ ನೋಡಿ.

ಮಲ್ಲೇಶ್ವರಂ_ಮಾಮಿ
‘ಫಮಫಮ’! 😄

ಮಂಡ್ಯದ್_ಹೈದ
ಅಕ್ಕ, ಒಂದು ಮಾತು. ನಿಮ್ಮ ಗಿರಾಕಿಗಳ ಫೋನಲ್ಲಿ ನಿಮ್ಮ ನಂಬರ್ ಯಾವ ಹೆಸರಲ್ಲಿ ಸೇವ್ ಆಗಿದೆ ಅಂತ ಕೇಳಿದೀರಾ? ನಮ್ಮಪ್ಪ ಹಾಲಿನ ಡೈರಿ ಹತ್ತಿರ ಟೀ ಅಂಗಡಿ ಇಟ್ಟಾಗ ದೇವರ ಹೆಸರಿಟ್ಟು ದೊಡ್ಡ ಬೋರ್ಡ್ ಹಾಕಿಸಿದ್ದರು. ಜನ ಮಾತ್ರ ‘ಬೇವಿನಮರದ ಟೀ’ ಅಂತಲೇ ಕರೆದರು. ಹತ್ತು ವರ್ಷ ಆದ ಮೇಲೆ ಅಪ್ಪನೂ ಬೋರ್ಡ್ ಬದಲಾಯಿಸಿದರು.

ಕಡತಪ್ರಿಯ
ಇದು ನನಗೆ ಹೊಳೆದಿರಲಿಲ್ಲ. ಚೆನ್ನಾಗಿದೆ.

ನ್ಯೂಜೆರ್ಸಿ_ನಂಜುಂಡ
ನನ್ನ ಫೋನಿನಲ್ಲಿ ಇಲ್ಲಿನ ಒಬ್ಬ ಕನ್ನಡತಿಯ ನಂಬರ್ ‘ಹೋಳಿಗೆ ಪಾರ್ಕಿಂಗ್’ ಅಂತ ಇದೆ. ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲಿ ಡಬ್ಬ ಕೊಡುತ್ತಿದ್ದರು. ಅವರ ವ್ಯಾಪಾರದ ನಿಜವಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ರಾಗಿಬಿಸ್ಕತ್ತು
ನಿನ್ನೆ ರಾತ್ರಿ ಕೂತು ಹದಿನೈದು ಗಿರಾಕಿಗಳಿಗೆ ಮೆಸೇಜ್ ಮಾಡಿದೆ, “ನನ್ನ ನಂಬರ್ ಹೇಗೆ ಸೇವ್ ಆಗಿದೆ, ಸ್ಕ್ರೀನ್‌ಶಾಟ್ ಕಳಿಸಿ” ಅಂತ. ನಾಚಿಕೆ ಆಯಿತು, ನಗುವೂ ಬಂತು. ಐದು ಜನ ‘ಕೇಕ್ ಆಂಟಿ’. ಮೂವರು ‘ರಾಗಿ ಬಿಸ್ಕತ್ತು’. ಇಬ್ಬರು ನನ್ನ ಹೆಸರು. ಒಬ್ಬರು ‘ಶ್ರೇಯಾ ಫ್ರೆಂಡ್ ಅಮ್ಮ’. ಉಳಿದ ನಾಲ್ವರು ಒಬ್ಬರಿಗೊಬ್ಬರು ಗೊತ್ತಿಲ್ಲದವರು. ಅವರೆಲ್ಲ ‘ಸಂಪಿಗೆ ಕೇಕ್’, ‘ಸಂಪಿಗೆ ಮರ ಬೇಕರಿ’, ‘Sampige bun’, ‘Sampige mane cake’ ಅಂತ ಹಾಕಿಕೊಂಡಿದ್ದಾರೆ!

ಕಾರಣ ಏನಂದರೆ, ಡೆಲಿವರಿಯವರಿಗೆ ದಾರಿ ಹೇಳುವಾಗ ನಾನೇ “ಗೇಟಿನ ಮುಂದೆ ಸಂಪಿಗೆ ಮರ ಇರೋ ಮನೆ” ಅನ್ನುತ್ತೇನೆ. ಮನೆ ಸ್ವಂತದ್ದು, ಮರ ಮಾವನವರು ನೆಟ್ಟಿದ್ದು. ನಾಲ್ವರೂ ಇಂಗ್ಲಿಷ್‌ನಲ್ಲಿ ಬರೆದರೆ ಹೇಗೆ ಬರೆಯುತ್ತೀರಿ ಅಂತ ಕೇಳಿದೆ. ನಾಲ್ವರದ್ದೂ `Sampige`. ಒಂದು ಅಕ್ಷರ ಆಚೀಚೆ ಇಲ್ಲ.

ಚಿಕ್ಕಮಗಳೂರ್_ಕಾಫಿ
ಅದು ಆಗಲೇಬೇಕು! ಮಲ್ಲೇಶ್ವರದ ಸಂಪಿಗೆ ರಸ್ತೆಯ ಬೋರ್ಡ್, ಬಸ್ಸಿನ ಹೆಸರು, ಮೆಟ್ರೋ ನಿಲ್ದಾಣ ಎಲ್ಲ ಕಡೆ ಆ ಸ್ಪೆಲ್ಲಿಂಗ್ ನೋಡಿ ನೋಡಿ ಕಣ್ಣಿಗೆ ಅಭ್ಯಾಸ ಆಗಿಬಿಟ್ಟಿದೆ. ಇಂಗ್ಲಿಷ್‌ನಲ್ಲಿ ಮೊದಲೇ ಬರೆದು ರೂಢಿಯಾದ ಕನ್ನಡ ಪದ ಆರಿಸಿದರೆ ಅರ್ಧ ತಲೆನೋವು ಇಲ್ಲ.

ತುಂಗಾತೀರ
ಹಾಗೆ ನೋಡಿದರೆ ನದಿ ಹೆಸರುಗಳೂ ಆಗುತ್ತವೆ. ಕಾವೇರಿ, ತುಂಗಾ.

ಹುಬ್ಬಳ್ಳಿ_ಗಿರ್ಮಿಟ್
ಕಾವೇರಿ `Kaveri`ನೋ `Cauvery`ನೋ? ಪೇಪರಿನಾಗ ಒಂದು, ಸರ್ಕಾರಿ ಬೋರ್ಡಿನಾಗ ಇನ್ನೊಂದು.

ತುಂಗಾತೀರ
ಸರಿ ಸರಿ, ತುಂಗಾ ಮಾತ್ರ.

ನ್ಯೂಜೆರ್ಸಿ_ನಂಜುಂಡ
ಇಲ್ಲಿಯವರ ಬಾಯಲ್ಲಿ ಅದು ‘ಸಂಪೀಜ್’ ಆಗುತ್ತದೆ. ಕೊನೆಯ ‘ಜಿಇ’ ನೋಡಿ ಪೇಜ್, ಕೇಜ್ ಥರ ಓದುತ್ತಾರೆ. ಮೈಸೂರಿಗೆ ಇದು ಸಮಸ್ಯೆಯಲ್ಲ ಬಿಡಿ.

ರಾಗಿಬಿಸ್ಕತ್ತು
ಮೇಲಿನ ಮನೆಯ ಒಡಿಶಾದವರಿಗೆ ಬರೆದು ತೋರಿಸಿದೆ. ಗಂಡ ‘ಸಂಪಿಗೆ’ ಅಂದರು, ಹೆಂಡತಿ ‘ಸಂಪಿಜ್’ ಅಂದರು. ಚಂಪಾ ಹೂವು ಅಂದ ಮೇಲೆ ಇಬ್ಬರಿಗೂ ಖುಷಿ.

ಕಡತಪ್ರಿಯ
ಹೇಳೋದು ಸ್ವಲ್ಪ ಆಚೀಚೆ ಆದರೂ ಬರೆಯೋದು ಒಂದೇ ಇದ್ದರೆ ಮನೆ ಬೇಕರಿಗೆ ನಷ್ಟ ಕಡಿಮೆ ಅಂತ ನನ್ನ ಲೆಕ್ಕ. ಮೇಷ್ಟ್ರು ಒಪ್ಪಲಿಕ್ಕಿಲ್ಲ.

ಸಂಪಿಗೆಗೂ ಕೇಕಿಗೂ ಸಂಬಂಧ ಇಲ್ಲ, ಅದು ಒಳ್ಳೆಯದು. ಆದರೆ ಸಂಪಿಗೆ ಹೆಸರು ಇಟ್ಟುಕೊಂಡವರು ಬಹಳ ಜನ ಇದ್ದಾರೆ. `ipindia.gov.in` ಮೂಲಕ ಟ್ರೇಡ್‌ಮಾರ್ಕ್ ಹುಡುಕುವ ಪುಟಕ್ಕೆ ಹೋಗಿ. ಕೇಕು, ಬಿಸ್ಕತ್ತು, ಬ್ರೆಡ್ಡು 30ನೇ ವರ್ಗದಲ್ಲಿ ಬರುತ್ತವೆ. ಅಕ್ಷರ ಹಾಕಿ ಹುಡುಕಿದ ಮೇಲೆ `Phonetic` ಅಂತ ಇನ್ನೊಂದು ಆಯ್ಕೆ ಇದೆ, ಉಚ್ಚಾರ ಹತ್ತಿರ ಇರುವವನ್ನೂ ತೋರಿಸುತ್ತದೆ. ಎರಡರಲ್ಲೂ ನೋಡಿ. ಮುಂದೆ ಕೆಫೆ ಮಾಡುವ ಆಸೆ ಇದ್ದರೆ 43ನ್ನೂ ನೋಡಿ. ಸಂಪಿಗೆ ಒಂದೇ ಇಡಬೇಡಿ, ಜೊತೆಗೆ ಇನ್ನೊಂದು ಪದ ಇರಲಿ.

ನೋಂದಣಿ ಆಗುವ ತನಕ ಹೆಸರಿನ ಪಕ್ಕ ® ಹಾಕಬೇಡಿ, ಅದು ಅಪರಾಧ. ಟಿಎಂ ಅಂತ ಹಾಕಿಕೊಳ್ಳಬಹುದು.

ರಾಗಿಬಿಸ್ಕತ್ತು
ಹುಡುಕಿದೆ. ಸಂಪಿಗೆ ಅಂತ ಬೇರೆ ಬೇರೆ ವರ್ಗದಲ್ಲಿ ಸುಮಾರು ಬಂದವು. ‘ಸಂಪಿಗೆ ಬನ್’ ಅಂತ 30ರಲ್ಲಿ ಕಾಣಲಿಲ್ಲ. ಐಡಿ `sampigebun` ಖಾಲಿ ಇತ್ತು, ತೆಗೆದಿಟ್ಟುಕೊಂಡೆ.

ಚಿಕ್ಕಮಗಳೂರ್_ಕಾಫಿ
‘ಬನ್’ ಯಾಕೆ? ನೀವು ಜಾಸ್ತಿ ಮಾಡೋದು ಕೇಕು, ಬಿಸ್ಕತ್ತು ಅಲ್ವಾ? ಹುಟ್ಟುಹಬ್ಬದ ಆರ್ಡರ್ ಕೊಡುವವರು ‘ಬನ್ ಅಂಗಡಿ’ ಅಂತ ಮುಂದೆ ಹೋಗುತ್ತಾರೆ. ನನ್ನ ಗೆಳತಿ ‘ಕಪ್‌ಕೇಕ್’ ಅಂತ ಹೆಸರಿಟ್ಟು, ಈಗ ಬರೀ ಬ್ರೆಡ್ ಮಾಡುತ್ತಾಳೆ. ಪ್ರತಿ ಫೋನಿಗೂ ವಿವರಣೆ ಕೊಡಬೇಕು.

ಕುಡ್ಲದ_ಬನ್ಸ್
ಬನ್ ಅಂದ್ರೆ ನಮಗೆ ಬಾಳೆಹಣ್ಣಿನ ಬನ್ಸ್. ಎಣ್ಣೆಯಲ್ಲಿ ಕರಿದದ್ದು. ಮೈಸೂರಿನಲ್ಲಿ ಅದು ಸಿಗುತ್ತದೆ ಅಂತ ಆಸೆಯಿಂದ ಬಂದು ಖಾರಾ ಬನ್ ನೋಡಿದರೆ ಬೇಜಾರಾಗ್ತದೆ ಮಾರಾಯ್ರೆ.

ರಾಗಿಬಿಸ್ಕತ್ತು
ಯಜಮಾನರೂ ಇದನ್ನೇ ಅಂದರು. ಆದರೆ ‘ಸಂಪಿಗೆ ಬನ್’ ಬಾಯಿಗೆ ಚೆನ್ನಾಗಿ ಬರುತ್ತದೆ. ‘ಸಂಪಿಗೆ ಬೇಕ್ಸ್’ ಅಂದಾಗ ಹಾಲಿನ ಹುಡುಗ “ಸಂಪಿಗೆ ಬೇಕಾ?” ಅಂತ ಕೇಳಿಸಿಕೊಂಡ. ಹೂವು ತಂದುಕೊಡೋಕೂ ರೆಡಿ. ‘ಸಂಪಿಗೆ ಮನೆ’ ಅಂದರೆ ಹೋಮ್‌ಸ್ಟೇ ಥರ ಇದೆ.

ನಿವೃತ್ತ_ಮೇಷ್ಟ್ರು
‘ಸಂಪಿಗೆ ಒಲೆ’?

ನ್ಯೂಜೆರ್ಸಿ_ನಂಜುಂಡ
`Ole`. ಮೇಷ್ಟ್ರೇ, ಅದನ್ನು ‘ಓಲೆ’ ಅಂತ ಓದಿ ಕಿವಿಗೆ ಹಾಕೋದು ಅಂದುಕೊಳ್ಳುತ್ತಾರೆ.

ನಿವೃತ್ತ_ಮೇಷ್ಟ್ರು
ಸಂಪಿಗೆ ಓಲೆ. ಅದೂ ಚೆನ್ನಾಗಿಯೇ ಇದೆ. ನಮ್ಮ ಮನೆಯವರಿಗೆ ಹೇಳುತ್ತೇನೆ, ಅಕ್ಕಸಾಲಿಗರ ಹತ್ತಿರ ಹೋಗಲಿ.

ಮಲ್ಲೇಶ್ವರಂ_ಮಾಮಿ
ಘಮಘಮ ಬಿಡೋದು ನನಗೆ ಹೊಟ್ಟೆ ಉರಿಯುತ್ತದೆ. ಎಂಟು ಜನ ನೆನಪಿಟ್ಟುಕೊಂಡ ಹೆಸರನ್ನು ಯಾರಾದರೂ ಬಿಡುತ್ತಾರಾ?

ಸ್ಟಿಕ್ಕರ್_ಅಣ್ಣ
ಬಿಡೋದು ಯಾಕೆ? ಅಂಗಡಿ ಹೆಸರು ಸಂಪಿಗೆ. ರಾಗಿ ಬಿಸ್ಕತ್ತಿನ ಪ್ಯಾಕಿಗೆ ಕನ್ನಡದಲ್ಲಿ ‘ಘಮಘಮ’ ಅಂತ ದೊಡ್ಡದಾಗಿ ಹಾಕಿ. ಅದನ್ನು ಯಾರೂ ಟೈಪ್ ಮಾಡಬೇಕಿಲ್ಲ, ಓದಿದರೆ ಸಾಕು.

ಮಲ್ಲೇಶ್ವರಂ_ಮಾಮಿ
ಹಾಂ, ಇದಾದರೆ ಸಮಾಧಾನ.

ಕಡತಪ್ರಿಯ
ಒಂದು ಸಣ್ಣ ವಿಷಯ ಬಾಕಿ. ದುಡ್ಡು ತಗೊಳ್ಳುವ ಯುಪಿಐ ನಿಮ್ಮ ಉಳಿತಾಯ ಖಾತೆಯದ್ದಾದರೆ ಗಿರಾಕಿಗೆ ನಿಮ್ಮ ಸ್ವಂತ ಹೆಸರು ಕಾಣಿಸುತ್ತದೆ. “ಬೇರೆ ಯಾರಿಗೋ ಹೋಗ್ತಿದೆ” ಅಂತ ನಿಲ್ಲಿಸಿಬಿಡುತ್ತಾರೆ. ಕ್ಯೂಆರ್ ಕಳಿಸುವಾಗ “ಈ ಹೆಸರು ಬರುತ್ತದೆ” ಅಂತ ಒಂದು ಸಾಲು ಸೇರಿಸಿ. ಮತ್ತೆ, ಎಫ್‌ಎಸ್‌ಎಸ್‌ಎಐ ಅರ್ಜಿಯಲ್ಲಿ ಹಾಕುವ ಹೆಸರು, ಸ್ಟಿಕ್ಕರ್ ಮೇಲಿನ ಹೆಸರು ಎರಡೂ ಒಂದೇ ಇರಲಿ. ಆಮೇಲೆ ಬದಲಾಯಿಸಲು ಮತ್ತೆ ಅರ್ಜಿ ಹಾಕಬೇಕು.

ರಾಗಿಬಿಸ್ಕತ್ತು
ಹತ್ತು ದಿನದ ನಂತರ ಬರುತ್ತಿದ್ದೇನೆ. ಅರ್ಜಿಯಲ್ಲಿ ‘ಸಂಪಿಗೆ ಬನ್’ ಅಂತಲೇ ಹಾಕಿದೆ. ಯಜಮಾನರು ಇನ್ನೂ ಒಪ್ಪಿಲ್ಲ, ‘ಬನ್ ಮಾಡೋದು ವಾರಕ್ಕೆ ಎರಡು ದಿನ’ ಅಂತ ಗೊಣಗುತ್ತಿದ್ದಾರೆ. ಸ್ಟಿಕ್ಕರ್‌ಗೆ ಇಲ್ಲಿನ ಒಬ್ಬರಿಗೆ ಫೋನಿನಲ್ಲೇ ಹೆಸರು ಹೇಳಿದೆ, ಬೇಕಂತಲೇ ಸ್ಪೆಲ್ಲಿಂಗ್ ಹೇಳಲಿಲ್ಲ. ಅವರು ಕಳಿಸಿದ ಮಾದರಿಯಲ್ಲಿ ಇಂಗ್ಲಿಷ್ ಸರಿಯಾಗಿತ್ತು. ಕನ್ನಡದಲ್ಲಿ ‘ಸಂಪಿಗೆ ಬಾನ್’ ಅಂತ ಬಂದಿತ್ತು 🤦‍♀️

ನಿವೃತ್ತ_ಮೇಷ್ಟ್ರು
ಬಾನ್! ಆಕಾಶ! ನಾನು ಹೇಳಲಿಲ್ಲವೇ?

ಸ್ಟಿಕ್ಕರ್_ಅಣ್ಣ
ನಾನಲ್ಲ ಮೇಡಂ, ಬೇರೆ ಯಾರೋ.

ಕುಡ್ಲದ_ಬನ್ಸ್
ಮಂಗಳೂರಿಗೆ ಕೊರಿಯರ್ ಉಂಟಾ? ಬಿಸ್ಕತ್ತು ಕಾಲು ಕೇಜಿ ಎಷ್ಟು?